ಅಕ್ಕಾವರಿಗೆ ಬಂದ ಕರೆ

ನಮ್ಮ ಶಾಲೆಯಲ್ಲಿ ಮೂವತ್ತೊಂದು ವರುಷ ಕನ್ನಡವನ್ನು ಕಲಿಸಿ ನಿವೃತ್ತರಾದ ಅಕ್ಕಾವರೊಬ್ಬರಿಗೆ 2024ನೆಯ ಇಸವಿಯ ನವೆಂಬರ ತಿಂಗಳಲ್ಲಿ ಒದಗಿದ ಒಂದು ಪ್ರಸಂಗವನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂದು ನಾವು ಬಹುದಿನ ಯೋಚಿಸಿ ನಿಶ್ಚಯಿಸಿದೆವು. ಹೆಸರನ್ನು ಹೇಳುವುದಿಲ್ಲ. ಅವರ ಕೈಯಲ್ಲಿ ಸಂಧಿ ಸಮಾಸಗಳನ್ನು ಕಲಿತ ಪೂರ್ವ ವಿದ್ಯಾರ್ಥಿನಿಯರು ಗುರುತಿಸಿದರೆ ಗುರುತಿಸಲಿ. ಗುರುತಿಸಿಯೂ ಸುಮ್ಮನಿರುವರೆಂದು ನಂಬಿದ್ದೇವೆ.

ವಿಶ್ರಾಂತಿವೇತನ ಪಡೆಯುವವರು ತಾವು ಜೀವಂತರಾಗಿದ್ದೇವೆಂದು ವರುಷಕ್ಕೊಮ್ಮೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ನವೆಂಬರವೇ ತಿಂಗಳು. ಅಕ್ಕಾವರು ಪ್ರತಿವರುಷ ಮೊದಲನೆಯ ವಾರದಲ್ಲಿಯೇ ಬ್ಯಾಂಕಿಗೆ ಹೋಗಿ ಈ ಕೆಲಸ ಮುಗಿಸಿಕೊಂಡು ಬರುವವರು. ಆ ವರುಷ ಮೊಣಕಾಲಿನ ನೋವಿನಿಂದ ಮನೆಯ ಮೆಟ್ಟಲು ಇಳಿಯುವುದೇ ಕಷ್ಟವಾಗಿ, ಇಂದು ನಾಳೆ ಎನ್ನುತ್ತ 27ನೆಯ ತಾರೀಖು ಬಂದಿತ್ತು. ಮಗನು ಪುಣೆಯಲ್ಲಿ, ಮನೆಯಲ್ಲಿ ಅವರೊಬ್ಬರೇ. ಬೆಳಗಿನ ಹನ್ನೊಂದು ಗಂಟೆಗೆ ಫೋನು ಬಂದಾಗ ಅವರ ಮನಸ್ಸಿನಲ್ಲಿದ್ದ ಚಿಂತೆ ಅದೊಂದೇ ಆಗಿದ್ದಿತು.

ಕರೆದವನ ಮಾತು ಸೌಮ್ಯವಾಗಿತ್ತು, ಕನ್ನಡವೂ ಶುದ್ಧವಾಗಿತ್ತು. ತಾನು ಪಿಂಚಣಿ ಕಚೇರಿಯವನೆಂದು ಹೇಳಿ, ಅವರ ಪೂರ್ಣ ಹೆಸರನ್ನೂ ಶಾಲೆಯ ಹೆಸರನ್ನೂ ನಿವೃತ್ತಿಯ ದಿನವನ್ನೂ ಓದಿದನು. “ಮೇಡಮ್ಮನವರೇ, ತಮ್ಮ ಜೀವನ ಪ್ರಮಾಣಪತ್ರ ಇನ್ನೂ ಬಂದಿಲ್ಲ. ಇಂದು ಸಂಜೆಯೊಳಗೆ ಹೊಸದಾಗಿ ದಾಖಲಾಗದಿದ್ದರೆ ಡಿಸೆಂಬರದಿಂದ ತಮ್ಮ ಪಿಂಚಣಿ ರದ್ದಾಗುವುದು. ವಯಸ್ಸಾದವರು ಅಲೆದಾಡಬಾರದೆಂದು ನಾವೇ ಫೋನಿನ ಮೇಲೆ ಮಾಡಿಕೊಡುತ್ತಿದ್ದೇವೆ” ಎಂದನು. ಅಕ್ಕಾವರು ಮನಸ್ಸಿನಲ್ಲಿಯೇ ದೇವರಿಗೆ ವಂದಿಸಿದರಂತೆ.

ಆಮೇಲೆ ಅವರು ನಮ್ಮೊಡನೆ ಹೇಳಿದ ಮೊದಲ ಮಾತು, “ಅವನಿಗೆ ನನ್ನ ವಿಷಯವೆಲ್ಲ ಗೊತ್ತಿತ್ತು” ಎಂಬುದು. ಈ ಮಾತನ್ನು ನಾವು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಕುಳಿತು, ಆ ಸಂಭಾಷಣೆಯನ್ನು ನೆನಪಿದ್ದಷ್ಟು ಒಂದೊಂದೇ ವಾಕ್ಯವಾಗಿ ಕಾಗದದ ಮೇಲೆ ಬರೆದೆವು. ಅವನು ಹೇಳಿದ್ದನ್ನು ಎಡಗಡೆಗೂ ಅಕ್ಕಾವರು ಹೇಳಿದ್ದನ್ನು ಬಲಗಡೆಗೂ ಬರೆಯಲಾಗಿ ಒಂದು ವಿಚಿತ್ರ ಕಂಡುಬಂತು. ಎಡಗಡೆಯಲ್ಲಿ ಹೆಸರು, ಶಾಲೆ, ನಿವೃತ್ತಿಯ ದಿನ ಇವಿಷ್ಟೇ. ಫೋನಿನ ಸಂಖ್ಯೆಯನ್ನು ಕೂಡಿಸಿದರೆ ನಾಲ್ಕು ಸಂಗತಿಗಳು. ಉಳಿದುದೆಲ್ಲ ಬಲಗಡೆಯಲ್ಲಿತ್ತು. “ತಮ್ಮ ಪಿಂಚಣಿ ಅದೇ ಬ್ಯಾಂಕಿಗೆ ಬರುತ್ತಿದೆಯಲ್ಲವೇ?” ಎಂದು ಅವನು ಕೇಳಿದ್ದಕ್ಕೆ ಅಕ್ಕಾವರು ಬ್ಯಾಂಕಿನ ಹೆಸರನ್ನೂ ಶಾಖೆಯನ್ನೂ ತಾವಾಗಿ ಹೇಳಿದ್ದರು. “ಆದೇಶದ ಸಂಖ್ಯೆಯನ್ನು ಒಮ್ಮೆ ತಾಳೆ ನೋಡೋಣ, ಓದಿರಿ” ಎಂದಾಗ ಪೆಟ್ಟಿಗೆಯಿಂದ ಪಿಂಚಣಿ ಪಾವತಿ ಆದೇಶವನ್ನು ತೆಗೆದು ಓದಿದ್ದರು. ಅವನು “ಸರಿ, ಸರಿಯಾಗಿದೆ” ಎಂದನು. ತಾಳೆ ನೋಡಲು ಅವನ ಬಳಿ ಏನೂ ಇದ್ದಂತೆ ತೋರುವುದಿಲ್ಲ. ಕೇಳಿಸಿಕೊಂಡುದನ್ನು ಬರೆದುಕೊಂಡು, ಐದು ನಿಮಿಷದ ತರುವಾಯ ಅದನ್ನೇ ತಿರುಗಿ ಓದಿ ಹೇಳಿದ್ದರಿಂದ, ಎಲ್ಲವೂ ಅವನಿಗೆ ಮೊದಲೇ ತಿಳಿದಿತ್ತೆಂದು ಅಕ್ಕಾವರಿಗೆ ತೋರಿತು.

ಬೇರೆ ಕಡೆಗಳಲ್ಲಿ ಆದೇಶದ ಸಂಖ್ಯೆ, ಮನೆಯ ವಿಳಾಸ, ತಿಂಗಳ ಪಿಂಚಣಿಯ ಮೊತ್ತ ಇವೆಲ್ಲವನ್ನೂ ನಿಜವಾಗಿಯೇ ಸಂಪಾದಿಸಿಕೊಂಡು ಕರೆಯುವ ವಂಚಕರೂ ಇದ್ದಾರೆ. ಹಾಗಿದ್ದರೂ ಫಲ ಒಂದೇ. ನಮ್ಮ ಸಂಗತಿಗಳನ್ನು ಬಲ್ಲವನು ಅವುಗಳನ್ನು ಬಲ್ಲನೆಂದು ಮಾತ್ರ ಸಿದ್ಧವಾಗುತ್ತದೆ. ಅವನು ಕಚೇರಿಯವನೆಂದು ಸಿದ್ಧವಾಗುವುದಿಲ್ಲ.

ಪಿಂಚಣಿಯ ಖಾತೆಯನ್ನು ಕಾರ್ಡಿನೊಡನೆ ಜೋಡಿಸಬೇಕೆಂದು ಹೇಳಿ ಅವನು ಎ.ಟಿ.ಎಂ. ಕಾರ್ಡಿನ ಹದಿನಾರು ಅಂಕಿಗಳನ್ನೂ ಅವಧಿ ಮುಗಿಯುವ ತಿಂಗಳನ್ನೂ ಹಿಂಬದಿಯ ಮೂರು ಅಂಕಿಗಳನ್ನೂ ಕೇಳಿದನು. ಅಕ್ಕಾವರು ಮಗ್ಗಿ ಒಪ್ಪಿಸುವಂತೆ ಸ್ಪಷ್ಟವಾಗಿ ಓದಿದರು. ಮರುಕ್ಷಣವೇ ಅವರ ಫೋನಿಗೆ ಸಂದೇಶವೊಂದು ಬಂದಿತು. “ಅದರಲ್ಲಿ ಆರು ಅಂಕಿಯ ಓಟಿಪಿ ಇದೆ, ಮಿಕ್ಕಿದ್ದನ್ನು ಓದಬೇಕಾಗಿಲ್ಲ, ಆ ಅಂಕಿಗಳನ್ನಷ್ಟೇ ಬೇಗ ಹೇಳಿರಿ, ಸಮಯ ಮೀರುತ್ತದೆ” ಎಂದು ಅವನು ಅವಸರಪಡಿಸಿದನು. ಅಕ್ಕಾವರು ಎರಡು ಅಂಕಿಗಳನ್ನು ಹೇಳಿದರು.

ಅಷ್ಟರಲ್ಲಿ ಅವರಿಗೆ ಸಿಟ್ಟು ಬಂದಿತು. ಸಂಶಯವಲ್ಲ, ಸಿಟ್ಟು. ವಾಕ್ಯದ ಮಧ್ಯದೊಳಗಿನ ಒಂದು ತುಂಡನ್ನು ಹೆಕ್ಕಿ ಓದಿ ಮಿಕ್ಕಿದ್ದನ್ನು ಬಿಡು ಎಂದು ಅವರಿಗೆ ಯಾರೂ ಎಂದೂ ಹೇಳಿರಲಿಲ್ಲ. ಹಾಗೆ ಓದಿದ ಹುಡುಗಿಯರನ್ನು ಅವರು ನಿಲ್ಲಿಸಿ ಮೊದಲಿನಿಂದ ಓದಿಸುತ್ತಿದ್ದುದು ನಮಗೆಲ್ಲ ನೆನಪಿದೆ. “ತುಸು ತಾಳಪ್ಪಾ” ಎಂದು ಹೇಳಿ ಕನ್ನಡಕವನ್ನು ಏರಿಸಿಕೊಂಡು, ಇಂಗ್ಲಿಷಿನಲ್ಲಿದ್ದ ಆ ಸಂದೇಶವನ್ನು ತುದಿಯವರೆಗೂ ಓದಿದರು. ನಿಮ್ಮ ಕಾರ್ಡಿನಿಂದ 49,500 ರೂಪಾಯಿ ಪಾವತಿ ಮಾಡುವುದಕ್ಕೆ ಈ ಅಂಕಿ. ಇದನ್ನು ಯಾರಿಗೂ ಹೇಳಬೇಡಿರಿ ಎಂದಿತ್ತು. ಪಿಂಚಣಿಯ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವರು “ಇದೇನು?” ಎಂದು ಕೇಳುವಷ್ಟರಲ್ಲಿ ಅವನ ಸೌಮ್ಯತೆ ಹಾರಿಹೋಗಿತ್ತು. ಪಿಂಚಣಿ ನಿಂತರೆ ತಾನು ಹೊಣೆಯಲ್ಲವೆಂದು ಗದರಿಸಿದನು. ಅಕ್ಕಾವರು ಫೋನು ಇಟ್ಟುಬಿಟ್ಟರು.

ಇಲ್ಲಿ ಪಾಲಕರೂ ಮಕ್ಕಳೂ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಓಟಿಪಿ ಎಂದರೆ ಮೋಸವೇ ಎಂದು ಹಿರಿಯರಿಗೆ ಹೇಳಿಕೊಟ್ಟರೆ ಸಾಲದು, ಏಕೆಂದರೆ ನಿಜವಾದ ಕೆಲಸದಲ್ಲಿಯೂ ಅದು ಬರಬಹುದು. 2014ರಲ್ಲಿ ಸರಕಾರವು ಆರಂಭಿಸಿದ ‘ಜೀವನ ಪ್ರಮಾಣ’ ಎಂಬ ವ್ಯವಸ್ಥೆಯಲ್ಲಿ ಹೆಸರು ನೊಂದಾಯಿಸುವಾಗಲೂ ಫೋನಿಗೆ ಅಂಕಿಗಳು ಬರುತ್ತವೆ. ಆದರೆ ಅಲ್ಲಿ ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಬೆರಳಿನ ಗುರುತು, ಇಲ್ಲವೆ ಕಣ್ಣಿನ ಪಾಪೆ, ಇಲ್ಲವೆ ಮುಖದ ಚಿತ್ರ ಬೇಕೇ ಬೇಕು. ಮನುಷ್ಯನು ಬದುಕಿದ್ದಾನೆಂಬುದಕ್ಕೆ ಅವನ ದೇಹವೇ ಸಾಕ್ಷಿಯಲ್ಲದೆ ಎ.ಟಿ.ಎಂ. ಕಾರ್ಡು ಸಾಕ್ಷಿಯಾಗಲಾರದು. ಕಣ್ಣನ್ನೂ ಬೆರಳನ್ನೂ ಕೇಳದೆ ಬರಿಯ ಮಾತಿನ ಮೇಲೆ ಜೀವನ ಪ್ರಮಾಣಪತ್ರ ಮಾಡಿಕೊಡುವೆನೆಂಬವನು ಅದನ್ನು ಮಾಡುತ್ತಿಲ್ಲವೆಂದು ಅಲ್ಲಿಯೇ ತಿಳಿಯಬೇಕು. ಪಿಂಚಣಿ ರದ್ದಾಗುವುದೆಂಬ ಬೆದರಿಕೆಯೂ ಸುಳ್ಳು. ಪತ್ರ ತಡವಾದರೆ ಹಣ ತಡೆಯಲ್ಪಡುತ್ತದೆ. ಪತ್ರ ಸೇರಿದ ಮೇಲೆ ಬಾಕಿ ಸಮೇತ ಬರುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಅಂದು ಸಂಜೆಯೊಳಗೆ ಎಂಬ ಅವಸರಕ್ಕೆ ಬಲವೇ ಇರುತ್ತಿರಲಿಲ್ಲ.

ಅಕ್ಕಾವರು ಅದೇ ಮಧ್ಯಾಹ್ನ ಆಟೋ ತರಿಸಿಕೊಂಡು ಬ್ಯಾಂಕಿಗೆ ಹೋದರು. ಅದು ಸರಿಯಾದ ಕೆಲಸ. ಓಟಿಪಿಯ ಎಲ್ಲ ಅಂಕಿಗಳನ್ನು ಹೇಳದಿದ್ದರೂ ಕಾರ್ಡಿನ ಗುಟ್ಟೆಲ್ಲ ಪರರ ಕೈ ಸೇರಿತ್ತು. ಆದರೆ ಗುಮಾಸ್ತನ ಮುಂದೆ ನಿಂತಾಗ ನಾಲಿಗೆ ಏಳಲಿಲ್ಲ. “ಕಾರ್ಡು ಕಳೆದಿದೆ” ಎಂದುಬಿಟ್ಟರು. ಕಾರ್ಡು ಕೈಚೀಲದಲ್ಲಿಯೇ ಇತ್ತು. ಗುಮಾಸ್ತನು ಅದನ್ನು ನಿಲ್ಲಿಸಿ ಹೊಸದಕ್ಕೆ ಅರ್ಜಿ ಬರೆಸಿಕೊಂಡನು. ಜೀವನ ಪ್ರಮಾಣಪತ್ರವೂ ಅಂದೇ ಆಯಿತು. ಬೆರಳುಗಳು ಸವೆದಿದ್ದುದರಿಂದ ಯಂತ್ರವು ಮೂರು ಸಲ ಒಪ್ಪದೆ, ಕಡೆಗೆ ಕಾಗದದ ನಮೂನೆಯ ಮೇಲೆ ಅಧಿಕಾರಿಯ ಎದುರಿನಲ್ಲಿ ಸಹಿ ಹಾಕಿದರು. ಹೋಗಲಾರದವರ ಮನೆಗೆ ಅಂಚೆಯವನೇ ಯಂತ್ರ ತಂದು 70 ರೂಪಾಯಿಗೆ ಇದನ್ನು ಮಾಡಿಕೊಡುವ ಏರ್ಪಾಡು ಇರುವುದು ಅವರಿಗೆ ತಿಳಿದಿರಲಿಲ್ಲ. ನಮಗೂ ತಿಳಿದಿರಲಿಲ್ಲ.

ಮನೆಗೆ ಬಂದು ಅವರು ಈ ವಿಷಯವನ್ನು ಮಗನಿಗೂ ಹೇಳಲಿಲ್ಲ. ಆರನೆಯ ದಿನ ನಮ್ಮಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಇನ್ನೊಬ್ಬ ಅಕ್ಕಾವರಿಗೆ ಅಂಥದೇ ಕರೆ ಬಂದಿತು. ಅದೇ ಸೌಮ್ಯ ಮಾತು, ಅದೇ ಮೇಡಮ್ಮನವರೇ. ಅವರು ಆರು ಅಂಕಿಗಳನ್ನೂ ಹೇಳಿದರು. 38,000 ರೂಪಾಯಿ ಹೋಯಿತು. ಮಗಳಿಗೆ ತಿಳಿಸಿದ್ದು ಎರಡು ದಿನದ ಮೇಲೆ. 1930 ಎಂಬ ಸಂಖ್ಯೆಗೆ ದೂರು ಹೋಗುವಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿಹೋಗಿತ್ತು. ಆ ಸಂಖ್ಯೆಗೆ ಗಳಿಗೆಯೂ ತಡಮಾಡದೆ ತಿಳಿಸಿದರೆ ಮಾತ್ರ ಹಣವನ್ನು ದಾರಿಯಲ್ಲಿ ತಡೆಯುವ ಆಸೆಯುಂಟು. ಖಾತೆಯವರೇ ಗುಟ್ಟಿನ ಅಂಕಿ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ ಎಂದೂ, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದೆಂದೂ ರಿಜರ್ವ್ ಬ್ಯಾಂಕು 2017ರಲ್ಲಿ ವಿಧಿಸಿತು. ಹೀಗಾಗಿ ನಾಚಿಕೆಯ ಒಂದೊಂದು ತಾಸಿಗೂ ಬೆಲೆ ಕಟ್ಟಬಹುದು.

ಈ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ನಮ್ಮ ಅಕ್ಕಾವರು ಬಾಯಿ ಬಿಟ್ಟರು. “ನಾನು ಮೊದಲೇ ಹೇಳಿದ್ದರೆ ಅವಳ ಹಣ ಉಳಿಯುತ್ತಿತ್ತು” ಎಂದು ಅವರು ಕಣ್ಣೊರಸಿಕೊಂಡಾಗ ನಮಗೆ ಉತ್ತರ ಹೊಳೆಯಲಿಲ್ಲ. ಆದರೆ ಅವರು ಏಕೆ ಹೇಳಲಿಲ್ಲವೆಂಬುದು ನಮಗೆ ಗೊತ್ತಿದೆ. ಅಷ್ಟು ಕಲಿತವರು ಹೀಗೆ ಮೋಸಹೋಗಬಹುದೇ ಎಂದು ನಗುವವರು ನಮ್ಮಲ್ಲಿಯೇ ಇದ್ದಾರೆ; ವಯಸ್ಸಾದವರ ಕೈಗೆ ಫೋನು ಕೊಡಬಾರದೆಂದು ಪೂರ್ವ ವಿದ್ಯಾರ್ಥಿನಿಯೊಬ್ಬರು ಸಂಘದ ಸಭೆಯಲ್ಲಿಯೇ ಆಡಿದರು. ಇದಕ್ಕೆ ನಮ್ಮ ಸಮ್ಮತಿ ಇಲ್ಲ. ಅಕ್ಕಾವರನ್ನು ಸಿಕ್ಕಿಸಿದ್ದು ದುರಾಸೆಯೂ ಅಲ್ಲ, ಅಜ್ಞಾನವೂ ಅಲ್ಲ. ಕಚೇರಿಯಿಂದ ಕೇಳಿದ ಕಾಗದವನ್ನು ಕೇಳಿದ ದಿನವೇ ಕೊಡಬೇಕೆಂಬ, ಮೂವತ್ತೊಂದು ವರುಷದ ನೌಕರಿಯಲ್ಲಿ ಮೈಗೂಡಿದ ಅಭ್ಯಾಸ ಅದು. ನಾವು ಅವರನ್ನು ಗೌರವಿಸಿದ್ದು ಆ ಅಭ್ಯಾಸಕ್ಕಾಗಿಯೇ ಅಲ್ಲವೇ?

ತಪ್ಪನ್ನು ಹುಡುಕುವುದಾದರೆ ನಮ್ಮಲ್ಲಿಯೂ ಹುಡುಕಬೇಕು. ಆ ಮಧ್ಯಾಹ್ನ ಬರೆದ ಕಾಗದದ ಎಡಗಡೆಯ ನಾಲ್ಕು ಸಂಗತಿಗಳನ್ನು ಎಲ್ಲಿಯೋ ಕಂಡಂತಿದೆಯಲ್ಲಾ ಎಂದು ಹುಡುಕಿದಾಗ, ಅವು ನಮ್ಮದೇ ಹಿಂದಿನ ಸ್ಮರಣ ಸಂಚಿಕೆಯ ಕಡೆಯ ಪುಟದಲ್ಲಿದ್ದವು. ನಿವೃತ್ತ ಉಪಾಧ್ಯಾಯಿನಿಯರ ಪಟ್ಟಿ: ಹೆಸರು, ನಿವೃತ್ತಿಯ ದಿನ, ಫೋನಿನ ಸಂಖ್ಯೆ. ಕನ್ನಡದ ಅಕ್ಕಾವರ ಕೆಳಗಿನ ಸಾಲಿನಲ್ಲಿಯೇ ಚಿತ್ರಕಲೆಯ ಅಕ್ಕಾವರಿದ್ದರು. ಅವನು ಅದರಿಂದಲೇ ತೆಗೆದುಕೊಂಡನೆಂದು ನಾವು ಹೇಳಲಾರೆವು, ಇಲ್ಲವೆಂದೂ ಹೇಳಲಾರೆವು. ಪ್ರೀತಿಯಿಂದ ಅಚ್ಚು ಹಾಕಿಸಿದ ಪಟ್ಟಿ ಅದು. ಈ ಸಂಚಿಕೆಯಲ್ಲಿ ಹೆಸರುಗಳು ಮಾತ್ರ ಇವೆ. ಅಕ್ಕಾವರನ್ನು ಕಾಣಬಯಸುವವರು ಶಾಲೆಯ ಕಚೇರಿಗೆ ಬಂದು ಕೇಳಿದರೆ, ಅವರ ಒಪ್ಪಿಗೆ ಪಡೆದು ಸಂಖ್ಯೆಯನ್ನು ಕೊಡಲಾಗುವುದು. ಇದು ತೊಂದರೆಯೆಂದು ಕೆಲವರು ಆಕ್ಷೇಪಿಸಿರುವುದು ನಿಜ.

ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಅಕ್ಕಾವರಿಗೆ ಕಳಿಸಿದೆವು. ಕೆಂಪು ಶಾಯಿಯಲ್ಲಿ ಮೂರು ಕಡೆ ಕಾಗುಣಿತ ತಿದ್ದಿ ಮರಳಿಸಿದರು. ‘ಎರಡು ಅಂಕಿಗಳನ್ನು ಹೇಳಿದರು’ ಎಂಬಲ್ಲಿ ಮಾತ್ರ ಪಕ್ಕದಲ್ಲಿ ಒಂದು ಸಾಲು ಬರೆದಿದ್ದರು: “ಎರಡಲ್ಲ, ನಾಲ್ಕು. ಅಂದು ನಿಮ್ಮ ಮುಂದೆ ಹೇಳಲು ಧೈರ್ಯವಾಗಲಿಲ್ಲ.”