ಒಂದು ಅಕ್ಷರದಿಂದ ಅಡಗಿದ ಹಣ

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಐಟಿಐ ಕಲಿತು, ಪುಣೆಯ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ಯುವಕನೊಬ್ಬ ಕೆಲವು ತಿಂಗಳ ಹಿಂದೆ ನನ್ನ ಕಛೇರಿಗೆ ಬಂದಿದ್ದ. ಅವನನ್ನು ಇಲ್ಲಿ ಮಲ್ಲಿಕಾರ್ಜುನ ಎಂದು ಕರೆಯೋಣ. ತಾಯಿಯ ಚಿಕಿತ್ಸೆಗಾಗಿ ಭವಿಷ್ಯ ನಿಧಿಯಿಂದ, ಅಂದರೆ ಪಿ.ಎಫ್. ಖಾತೆಯಿಂದ, ಮುಂಗಡ ಪಡೆಯಲು ಹೋದರೆ ಅವನ ಬ್ಯಾಂಕ್ ಖಾತೆಯ ಜೋಡಣೆಯೇ ಎರಡು ಸಲ ತಿರಸ್ಕೃತವಾಗಿತ್ತು. “ಸಾಹೇಬರ, ರೊಕ್ಕ ನಂದ, ಹೆಸರೂ ನಂದ. ಮತ್ತ ಯಾಕ ಕೊಡೂದಿಲ್ಲ ಅಂತಾರ?” ಎಂಬುದು ಅವನ ಪ್ರಶ್ನೆ.

ಹಣವೆಷ್ಟು ಎಂಬುದನ್ನು ಮೊದಲು ನೋಡೋಣ. ಅವನ ಮೂಲವೇತನ ತಿಂಗಳಿಗೆ 12,000 ರೂಪಾಯಿ. ಅದರ ಶೇಕಡಾ 12, ಅಂದರೆ 1,440 ರೂಪಾಯಿ, ಅವನ ಸಂಬಳದಿಂದ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಹಣ ಕಟ್ಟುತ್ತಾರೆ. ಆದರೆ ಅದರಲ್ಲಿ ಸುಮಾರು 1,000 ರೂಪಾಯಿ ಪಿಂಚಣಿ ನಿಧಿಗೆ ಹೋಗಿ, ಉಳಿದ 440 ರೂಪಾಯಿ ಮಾತ್ರ ಭವಿಷ್ಯ ನಿಧಿಗೆ ಸೇರುತ್ತದೆ. ಹೀಗೆ ತಿಂಗಳಿಗೆ 1,880 ರೂಪಾಯಿಯಂತೆ ಹದಿನಾಲ್ಕು ತಿಂಗಳಲ್ಲಿ ಬಡ್ಡಿಯನ್ನು ಬಿಟ್ಟು 26,320 ರೂಪಾಯಿ ಕೂಡಿತ್ತು. ಹಣ ಖಾತೆಯಲ್ಲಿ ಕಾಣುತ್ತಿತ್ತು, ಕೈಗೆ ಮಾತ್ರ ಬರುತ್ತಿರಲಿಲ್ಲ.

ನಾನು ಅವನ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದೆ. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಅಡ್ಡಹೆಸರು BIRADAR ಎಂದಿತ್ತು. ಶಾಲೆಯಲ್ಲಿದ್ದಾಗ ವಿದ್ಯಾರ್ಥಿವೇತನಕ್ಕಾಗಿ ತೆರೆದ ಬ್ಯಾಂಕ್ ಖಾತೆಯಲ್ಲಿಯೂ ಹಾಗೆಯೇ ಇತ್ತು. ಆಧಾರ್ ಚೀಟಿಯಲ್ಲಿ ಮಾತ್ರ BIRAJDAR. ನಮ್ಮ ಬಾಯಲ್ಲಿ ಬಿರಾದಾರ ಆಗಿರುವುದು ಮರಾಠಿಯಲ್ಲಿ ಬಿರಾಜದಾರ ಆಗುತ್ತದೆ. ಆಧಾರ್ ನೋಂದಣಿಯ ದಿನ ಯಂತ್ರದ ಮುಂದೆ ಕುಳಿತಿದ್ದವರು ತಮಗೆ ರೂಢಿಯಾದಂತೆ ಬರೆದುಕೊಂಡಿದ್ದರು. ಗಡಿಯ ಈಚೆಗಿರುವ ನಮ್ಮ ಬಹಳ ಮನೆಗಳಲ್ಲಿ ಇಂತಹ ಎರಡು ಹೆಸರುಗಳು ಜಗಳವಿಲ್ಲದೆ ಬಾಳುತ್ತವೆ. ಭವಿಷ್ಯ ನಿಧಿಯ ಗಣಕದಲ್ಲಿ ಅವು ಒಟ್ಟಿಗೆ ಬಾಳಲಾರವು.

ಏಕೆಂದರೆ ಆ ವ್ಯವಸ್ಥೆಯ ಮೂಲವೇ ಆಧಾರ್. ಮೊದಲ ಕೆಲಸಕ್ಕೆ ಸೇರಿದವರಿಗೆ ಹನ್ನೆರಡು ಅಂಕೆಯ ಒಂದು ಸಂಖ್ಯೆ ದೊರೆಯುತ್ತದೆ. ಇದನ್ನು ಯುಎಎನ್ ಎನ್ನುತ್ತಾರೆ. 2014ರಲ್ಲಿ ಬಂದ ಈ ಸಂಖ್ಯೆ ಜೀವನಪೂರ್ತಿ ಒಂದೇ. ಕೆಲಸ ಬದಲಿಸಿದಾಗ ಸದಸ್ಯ ಸಂಖ್ಯೆ ಹೊಸದಾಗುತ್ತದೆ, ಯುಎಎನ್ ಬದಲಾಗುವುದಿಲ್ಲ. ಹೆಸರು, ಹುಟ್ಟಿದ ದಿನಾಂಕ, ಲಿಂಗ ಇವೆಲ್ಲ ಆಧಾರ್‌ನಲ್ಲಿ ಇದ್ದಂತೆಯೇ ಈ ಸಂಖ್ಯೆಗೆ ಅಂಟಿಕೊಳ್ಳುತ್ತವೆ. ಅನಂತರ ಬ್ಯಾಂಕ್ ಖಾತೆಯನ್ನು ಜೋಡಿಸುವಾಗ, ಖಾತೆದಾರನ ಹೆಸರು ಯುಎಎನ್‌ನ ಹೆಸರಿಗೆ ಹೊಂದುವುದೇ ಎಂದು ಬ್ಯಾಂಕಿನ ಮೂಲಕ ಪರಿಶೀಲನೆ ನಡೆಯುತ್ತದೆ. ಮಲ್ಲಿಕಾರ್ಜುನನ ಅರ್ಜಿ ನಿಂತದ್ದು ಅಲ್ಲಿಯೇ, J ಎಂಬ ಒಂದೇ ಅಕ್ಷರದ ಬಳಿ.

ಅವನ ಮುಂದೆ ಎರಡು ದಾರಿಗಳಿದ್ದವು. ಬ್ಯಾಂಕಿನಲ್ಲಿ ಹೆಸರನ್ನು BIRAJDAR ಎಂದು ತಿದ್ದಿಸಿದರೆ ಹಣ ಬೇಗ ಬರುತ್ತಿತ್ತು; ಆದರೆ ಪ್ರಮಾಣಪತ್ರದ ಹೆಸರು ಬೇರೆಯಾಗಿಯೇ ಉಳಿದು, ಮುಂದೆ ಸರಕಾರಿ ನೌಕರಿಗೋ ಪಾಸ್‌ಪೋರ್ಟಿಗೋ ಹೋದಾಗ ಅದೇ ತೊಡಕು ಮತ್ತೆ ಎದುರಾಗುತ್ತಿತ್ತು. ಎರಡನೆಯದು ಆಧಾರನ್ನೇ ಪ್ರಮಾಣಪತ್ರಕ್ಕೆ ಸರಿಯಾಗಿ ತಿದ್ದಿಸುವುದು. ಪರೀಕ್ಷಾ ಮಂಡಳಿಯ ಪ್ರಮಾಣಪತ್ರವನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟವಾದುದರಿಂದ ಅದನ್ನೇ ಆಧಾರವಾಗಿಟ್ಟುಕೊಳ್ಳುವುದು ಲೇಸೆಂದು ನಾನು ಹೇಳಿದೆ. ಅವನೂ ಎರಡನೆಯದನ್ನೇ ಆರಿಸಿಕೊಂಡ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು, ಆದ್ದರಿಂದ ಅರ್ಜಿಯ ಪ್ರತಿಯೊಂದು ಅಕ್ಷರವನ್ನೂ ಅವನಿಂದಲೇ ಓದಿಸಿ ನೋಡಿದೆವು.

ಆಧಾರ್ ತಿದ್ದಿದೊಡನೆ ಯುಎಎನ್ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಇದನ್ನು ಅನೇಕರು ಮರೆಯುತ್ತಾರೆ. ಸದಸ್ಯರ ಜಾಲತಾಣದಲ್ಲಿ Manage ಎಂಬಲ್ಲಿಗೆ ಹೋಗಿ ಮೂಲ ವಿವರಗಳ ಬದಲಾವಣೆಗೆ ಬೇರೆ ಅರ್ಜಿ ಹಾಕಬೇಕು. 2017ರ ಅಕ್ಟೋಬರ್ 1ರ ನಂತರ ಪಡೆದ, ಆಧಾರ್‌ನಿಂದ ದೃಢಪಟ್ಟ ಯುಎಎನ್ ಆಗಿದ್ದರೆ ಇಂತಹ ತಿದ್ದುಪಡಿಗೆ ಮಾಲೀಕರ ಒಪ್ಪಿಗೆ ಬೇಕಿಲ್ಲ ಎಂದು 2025ರ ಜನವರಿಯಲ್ಲಿ ನಿಯಮ ಸಡಿಲವಾಯಿತು. ಬಳಿಕ ಅದೇ Manage ಅಡಿಯಲ್ಲಿ KYC ಎಂಬುದನ್ನು ತೆರೆದು, ಬ್ಯಾಂಕ್ ಖಾತೆಯ ಸಂಖ್ಯೆಯನ್ನೂ ಶಾಖೆಯ ಐಎಫ್‌ಎಸ್‌ಸಿ ಸಂಕೇತವನ್ನೂ ತುಂಬಿ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬಂದ ಒಟಿಪಿಯನ್ನು ಕೊಟ್ಟ. ಬ್ಯಾಂಕಿನ ಪರಿಶೀಲನೆ ಆದ ಮೇಲೆ ಮಾಲೀಕರು ಒಪ್ಪಬೇಕೆಂಬ ಹಳೆಯ ಕಟ್ಟಳೆಯೂ 2025ರ ಏಪ್ರಿಲ್‌ನಲ್ಲಿ ಹೋಗಿದೆ. ಈ ಸಲ ಖಾತೆ ಜೋಡಣೆಯಾಯಿತು. ಆದರೆ ಇಷ್ಟಾಗುವಾಗ ಎರಡು ತಿಂಗಳು ಕಳೆದಿದ್ದವು. ತಾಯಿಯ ಚಿಕಿತ್ಸೆಗೆ ಅವನು ಊರಿನಲ್ಲಿ ಕೈಗಡ ಮಾಡಿದ್ದ.

ಈ ಎರಡು ತಿಂಗಳನ್ನು ಉಳಿಸುವ ಉಪಾಯ ಕೆಲಸಕ್ಕೆ ಸೇರುವ ಮೊದಲೇ ನಮ್ಮ ಕೈಯಲ್ಲಿರುತ್ತದೆ. ಕ್ರಮ ಹೀಗಿರಲಿ: ಮೊದಲು ಆಧಾರ್, ಅನಂತರ ಯುಎಎನ್, ಕೊನೆಗೆ ಬ್ಯಾಂಕ್. ಹತ್ತನೆಯ ತರಗತಿಯ ಪ್ರಮಾಣಪತ್ರವನ್ನು ಆಧಾರ್ ಪಕ್ಕದಲ್ಲಿಟ್ಟು ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಹೋಲಿಸಿ. ವ್ಯತ್ಯಾಸವಿದ್ದರೆ ಆಗಲೇ ತಿದ್ದಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ತಂದೆಯದೋ ಅಣ್ಣನದೋ ಆಗಿದ್ದರೆ ಮಗ ಅಥವಾ ಮಗಳ ಸ್ವಂತ ಸಂಖ್ಯೆಗೆ ಬದಲಿಸಿ. ಪರವೂರಿನಲ್ಲಿ ಕುಳಿತು ಪ್ರತಿ ಒಟಿಪಿಗೂ ಮನೆಗೆ ಫೋನು ಮಾಡುವ ಪಾಡು ಬೇಡ.

2025ರ ಆಗಸ್ಟ್‌ನಿಂದ ಹೊಸ ಯುಎಎನ್ ಪಡೆಯುವುದು ಉಮಂಗ್ ಎಂಬ ಸರಕಾರಿ ಆ್ಯಪ್‌ನಲ್ಲಿ, ಮುಖದ ಗುರುತಿನ ಮೂಲಕ. ಆಧಾರ್ ಸಂಖ್ಯೆ ಹಾಕಿ, ಒಟಿಪಿ ಕೊಟ್ಟು, ಮೊಬೈಲಿನ ಮುಂದೆ ಮುಖ ತೋರಿಸಿದರೆ ಸಂಖ್ಯೆ ಬರುತ್ತದೆ ಮತ್ತು ಅಲ್ಲಿಯೇ ಸಕ್ರಿಯವೂ ಆಗುತ್ತದೆ. ಇದನ್ನು ಗುತ್ತಿಗೆದಾರನ ಗುಮಾಸ್ತನ ಮೊಬೈಲಿನಲ್ಲಿ ಅಲ್ಲ, ಸ್ವಂತ ಮೊಬೈಲಿನಲ್ಲಿ ಮಾಡಿ, ಪಡೆದ ಸಂಖ್ಯೆಯನ್ನು ಕಾರ್ಖಾನೆಗೆ ಕೊಡಬೇಕು. ಹಿಂದೆ ಎಲ್ಲಿಯಾದರೂ ಪಿ.ಎಫ್. ಕಡಿತವಾಗಿದ್ದರೆ ಆ ಹಳೆಯ ಸಂಖ್ಯೆಯನ್ನೇ ತಿಳಿಸಬೇಕು.

ಬ್ಯಾಂಕ್ ಖಾತೆಯ ವಿಷಯದಲ್ಲಿ ಒಂದು ಎಚ್ಚರಿಕೆ. ವಿದ್ಯಾರ್ಥಿವೇತನದ ಖಾತೆಯನ್ನು ಮಗುವಿನ ಪಾಲಕರು ಸಹಿ ಮಾಡಿ ತೆರೆದಿರುತ್ತಾರೆ. ಹದಿನೆಂಟು ತುಂಬಿದ ಮೇಲೆ ಆ ಖಾತೆಗೆ ಹೊಸ ಸಹಿ, ಹೊಸ ದಾಖಲೆ ಕೊಟ್ಟಿರದಿದ್ದರೆ, ಅಥವಾ ಎರಡು ವರ್ಷ ಅದರಲ್ಲಿ ವ್ಯವಹಾರವೇ ನಡೆದಿರದಿದ್ದರೆ, ಮೊದಲು ಶಾಖೆಗೆ ಹೋಗಿ ಅದನ್ನು ಚಾಲ್ತಿಗೆ ತರಬೇಕು.

ಜೋಡಣೆಯಾದ ಬಳಿಕ ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ನೋಂದಾಯಿತ ಮೊಬೈಲಿನಿಂದ 7738299899 ಸಂಖ್ಯೆಗೆ ಹೀಗೆ ಸಂದೇಶ ಕಳುಹಿಸಿ:

```
EPFOHO UAN KAN
```

ಕೊನೆಯ ಮೂರು ಅಕ್ಷರ ಕನ್ನಡಕ್ಕಾಗಿ. UAN ಎಂಬುದನ್ನು ಹಾಗೆಯೇ ಬರೆಯಬೇಕು, ಅಲ್ಲಿ ನಿಮ್ಮ ಸಂಖ್ಯೆ ಬೇಡ. ಖಾತೆಯ ವಿವರ ಕನ್ನಡದಲ್ಲಿ ಬರುತ್ತದೆ. ಮಲ್ಲಿಕಾರ್ಜುನ ಅದನ್ನು ತನ್ನ ತಾಯಿಗೆ ಓದಿ ಹೇಳಿದನಂತೆ. ಜಮೆಯಾದ ಕೊನೆಯ ಕಂತು ಎಷ್ಟೆಂದು ಅವರು ಎರಡು ಸಲ ಕೇಳಿದರಂತೆ.