ಕೊಳ್ಳುವ ಮುಂಚೆ ರಟ್ಟಿನ ಮೇಲೊಂದು ಕೋಣೆ



ಎಂಟು ವರ್ಷಗಳ ಹಿಂದೆ ನಾನು ಮುಂದಿನ ಕೋಣೆಗೆಂದು ಹಸಿರು ಪರದೆ ಬಟ್ಟೆ ತಂದಿದ್ದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅದು ಎಳೆ ಮಾವಿನೆಲೆಯಂತೆ ಕಂಡಿತ್ತು. ಮನೆಗೆ ತಂದು ಹೊಲಿಸಿ ಕಿಟಕಿಗೆ ಹಾಕಿದ ಮೇಲೆ ಮಳೆಗಾಲದ ಗೋಡೆಯ ಪಾಚಿಯಂತೆ ಕಾಣತೊಡಗಿತು. ಕತ್ತರಿಸಿದ ಬಟ್ಟೆಯನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ. ಅದು ಈಗಲೂ ನನ್ನ ಹೊಲಿಗೆ ಯಂತ್ರಕ್ಕೆ ಹೊದಿಕೆಯಾಗಿದೆ.

ಕಳೆದ ವರ್ಷ ನನ್ನ ನಾದಿನಿ ತನ್ನ ಮನೆಯ ಹಾಲ್‌ಗೆ ಹೊಸ ಬಣ್ಣ, ಪರದೆ, ದಿಂಬುಗಳನ್ನು ಮಾಡಿಸಲು ಹೊರಟಳು. ಮಗಳ ನಿಶ್ಚಿತಾರ್ಥ ಎರಡು ತಿಂಗಳಲ್ಲಿತ್ತು. ಚೀಟಿ ಎತ್ತಿದ ಹಣ ಬಿಟ್ಟರೆ ಬೇರೆ ದಾರಿಯಿರಲಿಲ್ಲ, ತಪ್ಪಿದರೆ ಎರಡನೇ ಸಲ ಕೊಳ್ಳುವಂತಿರಲಿಲ್ಲ. ನಾನು ನನ್ನ ಯಂತ್ರದ ಹೊದಿಕೆಯನ್ನು ತೋರಿಸಿ, "ಮೊದಲು ರಟ್ಟಿನ ಮೇಲೆ ಕೋಣೆ ಮಾಡು" ಎಂದೆ. ಮನೆ ಅಲಂಕಾರದವರು ಇದನ್ನು ಮೂಡ್ ಬೋರ್ಡ್ ಎನ್ನುತ್ತಾರೆ. ಬಟ್ಟೆ ತುಂಡು, ಬಣ್ಣ ಬಳಿದ ಕಾಗದ, ಪತ್ರಿಕೆಯಿಂದ ಕತ್ತರಿಸಿದ ಚಿತ್ರಗಳನ್ನು ಒಂದು ರಟ್ಟಿನ ಮೇಲೆ ಜೋಡಿಸಿ ನೋಡುವುದು, ಅಷ್ಟೇ.

ಅವಳು ಎರಡೇ ದಿನಗಳಲ್ಲಿ ಮಾಡಿ ತಂದಳು. ಗೋಡೆಗೆ ಗಿಳಿ ಹಸಿರು, ಪರದೆಗೆ ಮರೂನ್, ದಿಂಬಿಗೆ ಕೆನೆ ಬಣ್ಣದ ಮೇಲೆ ಚಿನ್ನದ ಎಳೆ. ನೋಡಲು ಬಹಳ ಚೆಂದವಿತ್ತು. ಆದರೆ ಎಲ್ಲ ತುಂಡುಗಳೂ ಒಂದೇ ಅಳತೆಯವು, ಅಂಗೈಯಗಲ. ನೆಲ ಎಲ್ಲೂ ಇರಲಿಲ್ಲ. "ನೆಲವನ್ನೇನೂ ಕೊಳ್ಳುವುದಿಲ್ಲವಲ್ಲ ಭಾಭಿ" ಎಂದಳು.

ಇಲ್ಲೇ ಹೆಚ್ಚಿನವರು ಎಡವುವುದು. ರಟ್ಟಿನ ಮೇಲೆ ಮೊದಲು ಅಂಟಬೇಕಾದದ್ದು ಕೊಳ್ಳಲಿರುವ ವಸ್ತುವಲ್ಲ, ಬದಲಾಯಿಸಲಾಗದ ವಸ್ತು. ಅವಳ ಮನೆಯದು ಹಳೆಯ ಕೆಂಪು ಕಾವಿ ನೆಲ, ಜೊತೆಗೆ ಸಾಗುವಾನಿಯ ಸೋಫಾ. ಕಾವಿಗೆ ಹತ್ತಿರದ ಬಣ್ಣವನ್ನು ಮಕ್ಕಳ ಬಣ್ಣದ ಡಬ್ಬಿಯಿಂದ ಬೆರೆಸಿ, ಕಾಗದಕ್ಕೆ ಬಳಿದು, ಒಣಗಿಸಿ, ನೆಲದ ಮೇಲೇ ಇಟ್ಟು ಹೋಲಿಸಿದೆವು. ಮೂರನೇ ಸಲಕ್ಕೆ ಸರಿಬಂತು. ಸೋಫಾದ ಕಂದು ಬಣ್ಣಕ್ಕೆ ಒಂದು ಹಳೆಯ ಕ್ಯಾಲೆಂಡರ್ ಸಿಕ್ಕಿತು.

ಆಮೇಲೆ ಎರಡು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ರಟ್ಟನ್ನು ತೆಗೆದುಕೊಂಡೆವು. ಕೋಣೆಯೊಳಗೆ ನಿಂತಾಗ ಯಾವುದು ಎಷ್ಟು ಜಾಗದಲ್ಲಿ ಕಣ್ಣಿಗೆ ಬೀಳುತ್ತದೋ, ರಟ್ಟಿನ ಮೇಲೂ ಅಷ್ಟೇ ಜಾಗ ಅದಕ್ಕೆ. ಗೋಡೆಯ ಬಣ್ಣ ಅರ್ಧಕ್ಕಿಂತ ಹೆಚ್ಚು. ಕೆಳಗೆ ನಾಲ್ಕು ಬೆರಳಗಲದ ಪಟ್ಟಿಯಾಗಿ ನೆಲ. ಪರದೆ ಒಂದು ಅಂಗೈಯಷ್ಟು, ಸೋಫಾ ಅದಕ್ಕಿಂತ ತುಸು ದೊಡ್ಡದು, ದಿಂಬು ಬೆಂಕಿಪೊಟ್ಟಣದಷ್ಟು. ಅದೇ ಬಣ್ಣಗಳನ್ನು ಹೀಗೆ ಮತ್ತೆ ಕತ್ತರಿಸಿ ಅಂಟಿಸಿದಾಗ ನಾದಿನಿಯೇ ಮುಖ ಸಿಂಡರಿಸಿದಳು. ಗಿಳಿ ಹಸಿರು ರಟ್ಟನ್ನೆಲ್ಲ ನುಂಗಿತ್ತು. ಕೆಂಪು ಮತ್ತು ಹಸಿರು ಪಕ್ಕಪಕ್ಕದಲ್ಲಿದ್ದರೆ ಒಂದನ್ನೊಂದು ಹೆಚ್ಚು ಗಾಢವಾಗಿ ಕಾಣಿಸುತ್ತವೆ. ಸಣ್ಣ ತುಂಡಿನಲ್ಲಿ ಅದು ಖುಷಿ ಕೊಡುತ್ತದೆ, ನಾಲ್ಕು ಗೋಡೆ ತುಂಬಿದರೆ ಕಣ್ಣು ದಣಿಯುತ್ತದೆ. ತುಂಡುಗಳ ಅಳತೆ ಸುಳ್ಳಾದರೆ ಇಡೀ ರಟ್ಟೇ ಸುಳ್ಳು ಹೇಳುತ್ತದೆ.

ಗೋಡೆಗೆ ಬಣ್ಣದ ಕಂಪನಿಯ ಶೇಡ್ ಕಾರ್ಡನ್ನು ನಂಬಬೇಡಿ. ಅದರ ಚೌಕಗಳು ಬಹಳ ಸಣ್ಣವು, ಸುತ್ತ ಬಿಳಿ ಅಂಚು ಬೇರೆ. ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಡಬ್ಬಿಯನ್ನು ತಂದು, ದಪ್ಪ ಡ್ರಾಯಿಂಗ್ ಹಾಳೆಯ ಅಂಚಿನವರೆಗೂ ಎರಡು ಕೋಟ್ ಬಳಿದು, ಪೂರ್ತಿ ಒಣಗಲು ಬಿಡಿ. ಹಸಿ ಇರುವಾಗಿನ ಬಣ್ಣ ಬೇರೆ, ಒಣಗಿದ ಮೇಲಿನದು ಬೇರೆ. ಹಾಳೆಯಾದರೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಒಯ್ದು ನೋಡಬಹುದು. ಗೋಡೆಗೇ ಬಳಿದರೆ ಪಕ್ಕದಲ್ಲಿರುವ ಹಳೆಯ ಬಣ್ಣ ಕಣ್ಣನ್ನು ಮೋಸಗೊಳಿಸುತ್ತದೆ. ಪತ್ರಿಕೆಯ ಚಿತ್ರವನ್ನೂ ಮೊಬೈಲ್ ಫೋಟೋವನ್ನೂ ಪರದೆಯ ನೆರಿಗೆ, ದಿಂಬಿನ ಆಕಾರ ನೋಡಲು ಇಟ್ಟುಕೊಳ್ಳಿ, ಬಣ್ಣಕ್ಕಲ್ಲ.

ಇನ್ನು ಬೆಳಕು. ನನ್ನ ಪರದೆ ಕೆಟ್ಟದ್ದು ಇದರಿಂದಲೇ. ನಾದಿನಿಯ ಹಾಲ್‌ಗೆ ಪಶ್ಚಿಮಕ್ಕೆ ಒಂದೇ ಕಿಟಕಿ, ಅದರ ಮುಂದೆ ಜಗಲಿಯ ಮಾಡು. ರಟ್ಟನ್ನು ಮೇಜಿನ ಮೇಲೆ ಮಲಗಿಸದೆ, ಆ ಕೋಣೆಯ ಗೋಡೆಗೇ ಒರಗಿಸಿ ನಿಲ್ಲಿಸಿ, ಬೆಳಿಗ್ಗೆ, ಅಸರ್ ಹೊತ್ತಿಗೆ ಮತ್ತು ರಾತ್ರಿ ದೀಪ ಹಾಕಿ ನೋಡಲು ಹೇಳಿದೆ. ನಿಂತ ಬಟ್ಟೆಯ ಮೇಲೆ ಬೀಳುವ ಬೆಳಕು ಮಲಗಿದ ಬಟ್ಟೆಯ ಮೇಲಿನದ್ದಲ್ಲ. ಪರದೆಯ ತುಂಡನ್ನು ಮಾತ್ರ ರಟ್ಟಿನಿಂದ ಬಿಚ್ಚಿ ಕಿಟಕಿಯ ಸರಳಿಗೆ ಕಟ್ಟಬೇಕು, ಏಕೆಂದರೆ ಹಗಲಿನಲ್ಲಿ ಪರದೆಯನ್ನು ನಾವು ನೋಡುವುದು ಅದರ ಹಿಂದಿನಿಂದ ಬರುವ ಬೆಳಕಿನಲ್ಲಿ. ಅವಳ ಮರೂನ್ ಬಟ್ಟೆ ದಪ್ಪ. ಕಿಟಕಿಗೆ ಕಟ್ಟಿದಾಗ ಹೊಳೆಯಲಿಲ್ಲ, ಕಪ್ಪು ಹಲಗೆಯಂತೆ ನಿಂತಿತು. ಮೊದಲೇ ಮಂದವಾದ ಕೋಣೆ ಇನ್ನಷ್ಟು ಕತ್ತಲಾಯಿತು.

ರಾತ್ರಿ ಇನ್ನೊಂದು ಬೆಳಕಿಗೆ ಬಂತು. ದಿಂಬಿನ ಬಟ್ಟೆಗೂ ಅದರ ಅಂಚಿನ ಪಟ್ಟಿಗೂ ಅಂಗಡಿಯಲ್ಲಿ ಚೂರೂ ವ್ಯತ್ಯಾಸವಿರಲಿಲ್ಲ. ಮನೆಯ ಹಳದಿ ಬಲ್ಬಿನಲ್ಲಿ ಪಟ್ಟಿ ಮಾತ್ರ ಕಂದಿದಂತೆ ಕಂಡಿತು. ಎರಡು ಬಟ್ಟೆಗಳಿಗೆ ಹಾಕಿದ ಬಣ್ಣದ ರಸಾಯನ ಬೇರೆ ಬೇರೆಯಾಗಿದ್ದರೆ ಒಂದು ದೀಪದಲ್ಲಿ ಅವು ಹೊಂದುತ್ತವೆ, ಇನ್ನೊಂದರಲ್ಲಿ ಹೊಂದುವುದಿಲ್ಲ. ಅಂಗಡಿಯವರದ್ದೂ ತಪ್ಪಲ್ಲ, ನಮ್ಮ ಕಣ್ಣಿನದ್ದೂ ಅಲ್ಲ. ಹಾಗಾಗಿ ಬಟ್ಟೆಗಿಂತ ಮೊದಲು ಬಲ್ಬ್ ಬಿಳಿಯೋ ಹಳದಿಯೋ ಎಂದು ತೀರ್ಮಾನಿಸಿ, ಆ ದೀಪದಡಿಯೇ ತುಂಡುಗಳನ್ನು ನೋಡಿ.

ತುಂಡುಗಳನ್ನು ಕೇಳಲು ನಾಚಿಕೆ ಬೇಡ. ಕೆಲವು ಅಂಗಡಿಯವರು ಥಾನಿನ ಅಂಚಿನಿಂದ ಸುಮ್ಮನೆ ಕತ್ತರಿಸಿ ಕೊಡುತ್ತಾರೆ, ಕೊಡದಿದ್ದರೆ ಕಾಲು ಮೀಟರ್ ಕೊಳ್ಳಿ. ಲೆಕ್ಕ ಹಾಕಿ ನೋಡಿ: ಐದು ಅಡಿ ಅಗಲದ ಕಿಟಕಿಗೆ ನೆರಿಗೆ ಚೆನ್ನಾಗಿ ಬೀಳಬೇಕಾದರೆ ಹತ್ತು ಅಡಿ ಅಗಲದ ಬಟ್ಟೆ ಬೇಕು. ಪರದೆ ಬಟ್ಟೆಯ ಪನ್ನ 48 ಇಂಚು, ಅಂದರೆ ನಾಲ್ಕು ಅಡಿ ಇದ್ದರೆ ಮೂರು ಭಾಗಗಳಾಗುತ್ತವೆ. ಮಡಿಕೆ ಸೇರಿ ಒಂದೊಂದು ಎಂಟು ಅಡಿಯಾದರೆ ಒಟ್ಟು 24 ಅಡಿ, ಸುಮಾರು ಏಳೂವರೆ ಮೀಟರ್. ಅಷ್ಟನ್ನು ಹಾಳುಮಾಡುವುದಕ್ಕಿಂತ ಕಾಲು ಮೀಟರ್ ಅಗ್ಗ. ದೊಡ್ಡ ಹೂವಿನ ಬಟ್ಟೆಯಾದರೆ ಸಣ್ಣ ತುಂಡಿನಲ್ಲಿ ಒಂದು ದಳವಷ್ಟೇ ಬರುತ್ತದೆ. ಅಂಥದ್ದಕ್ಕೆ ಅಂಗಡಿಯಲ್ಲೇ ಎರಡು ಮೀಟರ್ ಬಿಚ್ಚಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು. ರಟ್ಟು ಅಲ್ಲಿ ಕೈಕೊಡುತ್ತದೆ.

ಬಟ್ಟೆ ಕುಗ್ಗುವುದನ್ನೂ ಬಣ್ಣ ಬಿಡುವುದನ್ನೂ ರಟ್ಟು ಹೇಳದು. ತುಂಡನ್ನು ಅಳೆದು, ಒಂದು ಬಿಳಿ ಚಿಂದಿಯ ಜೊತೆ ನೆನೆಸಿ ಒಗೆದು, ಒಣಗಿದ ಮೇಲೆ ಮತ್ತೆ ಅಳೆಯಿರಿ. ಪಶ್ಚಿಮದ ಬಿಸಿಲು ಬೀಳುವ ಕಿಟಕಿಯಾದರೆ ಇನ್ನೊಂದು ತುಂಡಿನ ಅರ್ಧಕ್ಕೆ ದಪ್ಪ ಕಾಗದ ಮುಚ್ಚಿ ಎರಡು ಮೂರು ವಾರ ಅಲ್ಲೇ ಬಿಡಿ. ಆಮೇಲೆ ಕಾಗದ ಸರಿಸಿದಾಗ ನಡುವೆ ಗೆರೆ ಕಂಡರೆ ಆ ಬಟ್ಟೆ ಬೇಡ.

ನಾದಿನಿ ನಾಲ್ಕನೇ ರಟ್ಟಿಗೆ ನಿಂತಳು. ಗೋಡೆಗೆ ಕೆನೆ ಬಣ್ಣ, ಕಿಟಕಿಗೆ ತೆಳುವಾದ ಪಿಸ್ತಾ ಹತ್ತಿ ಬಟ್ಟೆ. ಅವಳಿಗೆ ಬಹಳ ಇಷ್ಟವಿದ್ದ ಮರೂನ್ ಬೆಂಕಿಪೊಟ್ಟಣದ ಜಾಗಕ್ಕೆ, ಅಂದರೆ ದಿಂಬುಗಳಿಗೆ ಬಂತು. ಅಲ್ಲಿ ಅದು ಕಾವಿ ನೆಲವನ್ನು ಕರೆದು ಮಾತಾಡಿಸಿದಂತಿತ್ತು. ಪಿಸ್ತಾ ತುಂಡು ಒಗೆದಾಗ ಗೇಣಿಗೆ ಅರ್ಧ ಬೆರಳಿನಷ್ಟು ಕುಗ್ಗಿತ್ತು, ಆದ್ದರಿಂದ ಒಂದು ಮೀಟರ್ ಹೆಚ್ಚು ತಂದು, ನೆನೆಸಿ ಒಣಗಿಸಿಯೇ ದರ್ಜಿಗೆ ಕೊಟ್ಟಳು. ಸೋಫಾದ ಮೇಲೆ ಚಿನ್ನದ ಎಳೆಯ ಹೊದಿಕೆಯೊಂದನ್ನು ನನಗೆ ಹೇಳದೆ ಕೊನೆಗೆ ಸೇರಿಸಿದ್ದಾಳೆ. ಅದನ್ನು ಮಾತ್ರ ರಟ್ಟಿನ ಮೇಲೆ ಇಟ್ಟು ನೋಡಿರಲಿಲ್ಲ, ನೋಡಿದರೆ ಗೊತ್ತಾಗುತ್ತದೆ.