ಹಾಡಿನ ನಿಲುಗಡೆಯೂ ಮಾತಿನ ನಿಲುಗಡೆಯೂ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಬೀದರ ಪಟ್ಟಣದಲ್ಲಿಯೂ ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿಯೂ ಪೇಟಿ ಬಾರಿಸಿ ಸಭೆಯ ಹಾಡನ್ನು ನಡಿಸುತ್ತಿರುವರು. ಅವರ ಸ್ವರವು ಶುದ್ಧವಾಗಿರುತ್ತದೆ; ತಾಳವು ತಪ್ಪುವುದಿಲ್ಲ. ಆದಾಗ್ಯೂ ಪಾಶ್ಚಾತ್ಯ ರಾಗಕ್ಕೆ ಹೊಂದಿಸಿದ ಕನ್ನಡ ಗೀತವನ್ನು ಹಾಡುವಾಗ, ಕೇಳುವವರಿಗೆ ಮಾತಿನ ಅರ್ಥವು ಅಲ್ಲಲ್ಲಿ ತುಂಡಾಗಿ ಹೋಗುತ್ತದೆಂದು ಹಲವರು ದೂರುವುದುಂಟು. ಇದಕ್ಕೆ ಪರಿಹಾರವಾಗಿ ಆ ರಾಗಗಳನ್ನೇ ಬಿಟ್ಟು ಭಜನೆಯ ಧಾಟಿಗಳನ್ನು ಮಾತ್ರವೇ ಉಳಿಸಿಕೊಳ್ಳತಕ್ಕದ್ದೆಂದು ಕೆಲವು ಪೋಷಕರು ಹೇಳುತ್ತಾರೆ. ಭಜನೆಯು ನಮಗೂ ಪ್ರಿಯವಾದದ್ದೇ. ಆದರೆ ದೋಷವು ರಾಗದಲ್ಲಿ ಇಲ್ಲವೆಂತಲೂ, ರಾಗವು ನಿಲ್ಲುವ ಬಗೆಯನ್ನು ನಾವು ಮಕ್ಕಳಿಗೆ ಕಲಿಸದಿರುವುದೇ ಕಾರಣವೆಂತಲೂ ನಮ್ಮ ಅಭಿಪ್ರಾಯವು.

ನಮ್ಮ ಜಿಲ್ಲೆಯ ಹುಡುಗಿಯು ಚಿಕ್ಕಂದಿನಿಂದ ಕೇಳಿ ಬೆಳೆದ ಸಂಗೀತದಲ್ಲಿ ಏಕತಾರಿಯೋ ತಂಬೂರಿಯೋ ಒಂದೇ ಆಧಾರಸ್ವರವನ್ನು ಮೊದಲಿನಿಂದ ಕಡೆಯ ವರೆಗೆ ಹಿಡಿದಿರುತ್ತದೆ. ಹಾಡುವ ಧ್ವನಿಯು ಷಡ್ಜಕ್ಕೆ ತಿರುಗಿ ಬಂದು, ತಾಳವು ಸಮಕ್ಕೆ ಮುಟ್ಟಿದರೆ ಮಾತು ಮುಗಿಯಿತೆಂದು ಆಕೆಯ ಕಿವಿಗೆ ಗೊತ್ತಾಗುತ್ತದೆ. ಪಾಶ್ಚಾತ್ಯ ರಾಗದಲ್ಲಾದರೋ ಮೇಲಿನ ಸ್ವರವೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಅದರ ಕೆಳಗೆ ಕೂಡಿ ನುಡಿಯುವ ಸ್ವರಗಳೂ ತೀರ್ಮಾನಿಸುತ್ತವೆ. ಸಾಲಿನ ಕಡೆಯ ಎರಡು ಸ್ವರಮೇಳಗಳು ಒಂದರ ಹಿಂದೊಂದು ಬರುವ ಈ ಕ್ರಮಕ್ಕೆ ಇಂಗ್ಲಿಷಿನವರು ಕೇಡೆನ್ಸ್ ಎಂದು ಹೆಸರಿಟ್ಟಿರುವರು. ನಾವು ಅದನ್ನು ನಿಲುಗಡೆ ಎಂದು ಕರೆಯೋಣ.

ಇದನ್ನು ತಿಳಿಯಲು ಮೂರು ಸ್ವರಮೇಳಗಳು ಸಾಕು. ಸ, ಗ, ಪ ಇವು ಕೂಡಿದರೆ ಮನೆಯ ಮೇಳವು. ಪ, ನಿ, ರಿ ಇವು ಕೂಡಿದರೆ ಪಂಚಮದ ಮೇಳವು. ಇದರಲ್ಲಿರುವ ನಿ ಸ್ವರವು ಸ ದ ಕಡೆಗೆ ಏರಲು ತವಕಿಸುವುದರಿಂದ, ಈ ಮೇಳವು ಮನೆಯ ಬಾಗಿಲಲ್ಲಿ ನಿಂತಂತೆ ಇರುತ್ತದೆ. ಧ, ಸ, ಗ ಇವು ಕೂಡಿದರೆ ಧೈವತದ ಮೇಳವು; ಇದರ ಎರಡು ಸ್ವರಗಳು ಮನೆಯ ಮೇಳದವೇ ಆದರೂ ಇದರ ಧ್ವನಿಯು ಬೇರೆ, ತುಸು ಮಬ್ಬಾದದ್ದು.

ಪಂಚಮದ ಮೇಳವು ಮನೆಯ ಮೇಳಕ್ಕೆ ಬಂದು, ಕೆಳಗಿನ ಧ್ವನಿಯು ಪ ದಿಂದ ಸ ಕ್ಕೆ ಹೋಗಿ, ಮೇಲಿನ ಧ್ವನಿಯೂ ಸ ದಲ್ಲಿಯೇ ನಿಂತರೆ, ಅದು ಪೂರ್ಣ ನಿಲುಗಡೆ; ಪರ್ಫೆಕ್ಟ್ ಆಥೆಂಟಿಕ್ ಎಂಬುದು ಇದೇ. ಮೇಳಗಳು ಅವೇ ಆಗಿದ್ದು ಮೇಲಿನ ಧ್ವನಿಯು ಗ ದಲ್ಲಿಯೋ ಪ ದಲ್ಲಿಯೋ ನಿಂತರೆ ಮನೆಗೆ ಬಂದೂ ಕೂತುಕೊಳ್ಳದೆ ನಿಂತಂತಾಗುತ್ತದೆ. ಇದು ಇಂಪರ್ಫೆಕ್ಟ್, ಅಂದರೆ ಅಪೂರ್ಣವು. ಸಾಲು ಪಂಚಮದ ಮೇಳದಲ್ಲಿಯೇ ನಿಂತರೆ ಅರ್ಧ ನಿಲುಗಡೆಯು. ಪಂಚಮದ ಮೇಳವಾದ ಮೇಲೆ ಮನೆಯನ್ನು ಎದುರುನೋಡುತ್ತಿದ್ದ ಕಿವಿಗೆ ಧೈವತದ ಮೇಳವು ದೊರೆತರೆ ಅದು ಡಿಸೆಪ್ಟಿವ್. ನಾವು ಇದನ್ನು ಹುಸಿ ನಿಲುಗಡೆ ಎನ್ನಬಹುದು.

ಕನ್ನಡ ಬಲ್ಲವರಿಗೆ ಇವು ಹೊಸವಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದವು ಕಡೆಗೆ ಬರುತ್ತದೆ. 'ಬಂದೆವು', 'ಕಂಡೆವು' ಎಂದರೆ ಪೂರ್ಣ ನಿಲುಗಡೆಯು. 'ಬಂದು', 'ಕಾಣುತ್ತ', 'ಹೋದರೆ' ಎಂದು ನಿಂತರೆ ಅರ್ಧ ನಿಲುಗಡೆಯು. ಕೇಳುವವನು ಮುಂದಿನ ಮಾತಿಗಾಗಿ ಕಾಯುತ್ತಾನೆ. ಹುಸಿ ನಿಲುಗಡೆಗೂ ನಮ್ಮ ಆಡುಮಾತಿನಲ್ಲಿ ಒಪ್ಪುವ ದೃಷ್ಟಾಂತವುಂಟು. 'ಊರಿಂದ ಬಂದ' ಎಂದು ಒಬ್ಬರು ಹೇಳಿದರೆ ಮಾತು ಮುಗಿಯಿತೆಂದು ತಿಳಿಯುತ್ತೇವೆ. ಅಷ್ಟರಲ್ಲಿ 'ಹುಡುಗ' ಎಂಬ ಪದವು ಸೇರಿದರೆ, ಮುಗಿದಂತೆ ಕಂಡದ್ದು ಮುಗಿಯದೆ 'ಊರಿಂದ ಬಂದ ಹುಡುಗ' ಎಂದಾಗಿ ವಾಕ್ಯವು ಮುಂದಕ್ಕೆ ನಡೆಯುತ್ತದೆ. 'ಬಂದ' ಎಂಬ ಶಬ್ದವು ಬದಲಾಗಲಿಲ್ಲ. ಅದರ ಸಂಬಂಧವು ಬದಲಾಯಿತು. ಹುಸಿ ನಿಲುಗಡೆಯಲ್ಲಿಯೂ ಮೇಲಿನ ಸ ಬದಲಾಗುವುದಿಲ್ಲ; ಅದರ ಕೆಳಗಿನ ಮೇಳವು ಬದಲಾಗುತ್ತದೆ.

ಈಗ ಒಂದು ರಾಗವನ್ನೇ ತೆಗೆದುಕೊಳ್ಳೋಣ. ಓಲ್ಡ್ ಹಂಡ್ರೆಡ್ತ್ ಎಂಬ ರಾಗವನ್ನು ಅರಿಯದ ಹಳೆಯ ವಿದ್ಯಾರ್ಥಿನಿಯು ಇರಲಾರಳು. ಇದು 1551ರಲ್ಲಿ ಜಿನೀವಾ ಪಟ್ಟಣದ ಕೀರ್ತನೆಗಳ ಪುಸ್ತಕದಲ್ಲಿ 134ನೆಯ ಕೀರ್ತನೆಗಾಗಿ ಅಚ್ಚಾಯಿತು. ಲೂಯಿ ಬೂರ್ಜ್ವಾ ಎಂಬವನದೆಂದು ಹೇಳುತ್ತಾರೆ. ಇಂಗ್ಲಿಷಿನವರು ಇದನ್ನು 100ನೆಯ ಕೀರ್ತನೆಗೆ ಹಾಡಿದ್ದರಿಂದ ಈ ಹೆಸರು ಬಂತು. ಇದರಲ್ಲಿ ನಾಲ್ಕು ಸಾಲುಗಳು, ಸಾಲಿಗೆ ಎಂಟು ಸ್ವರಗಳು. ಎಲ್ಲವೂ ಬಿಲಾವಲ್ ಥಾಟಿನ ಶುದ್ಧಸ್ವರಗಳೇ.

ಮೊದಲನೆಯ ಸಾಲು: ಸ ಸ ನಿ ಧ ಪ ಸ ರಿ ಗ.
ಎರಡನೆಯದು: ಗ ಗ ಗ ರಿ ಸ ಮ ಗ ರಿ.
ಮೂರನೆಯದು: ಸ ರಿ ಗ ರಿ ಸ ಧ ನಿ ಸ.
ನಾಲ್ಕನೆಯದು: ಪ ಗ ಸ ರಿ ಮ ಗ ರಿ ಸ.

ಮೊದಲನೆಯ ಮತ್ತು ಮೂರನೆಯ ಸಾಲುಗಳಲ್ಲಿ ಬರುವ ನಿ, ಧ, ಪ ಸ್ವರಗಳು ಷಡ್ಜದ ಕೆಳಗಿನವು. ವಾಡಿಕೆಯ ಮೇಳಗಳಿಂದ ಹಾಡಿದರೆ ಮೊದಲನೆಯ ಸಾಲು ಗ ದ ಮೇಲೆ ನಿಂತು ಅಪೂರ್ಣವಾಗುತ್ತದೆ. ಎರಡನೆಯದು ರಿ ಯ ಮೇಲೆ ಪಂಚಮದ ಮೇಳದಲ್ಲಿ ನಿಂತು ಅರ್ಧ ನಿಲುಗಡೆಯಾಗುತ್ತದೆ; ರಾಗದ ನಡುಭಾಗವು ಇದೇ. ನಾಲ್ಕನೆಯದು ಪೂರ್ಣವು. ಮೂರನೆಯದೂ ಸ ದಲ್ಲಿಯೇ ನಿಲ್ಲುವುದರಿಂದ ಅದಕ್ಕೆ ಎರಡು ದಾರಿಗಳುಂಟು. ಅದನ್ನು ಮುಂದೆ ನೋಡುವೆವು.

ತರಗತಿಯ ಅಭ್ಯಾಸಕ್ಕಾಗಿ ನಾವು ಮಾಡಿಕೊಂಡ ಎಂಟೆಂಟು ಅಕ್ಷರಗಳ ಸಾಲುಗಳಿವು. ಇವುಗಳಲ್ಲಿ ಕವಿತ್ವವನ್ನು ಹುಡುಕಬೇಡಿರಿ:

ಬೆಳಕು ಮೂಡಿ ಬಂದಾಗ
ಹೊಲಕೆ ನಾವು ಹೋಗುತ್ತ
ಜೋಳದ ತೆನೆ ಕಂಡೆವು,
ಮನದಿ ಹರ್ಷಗೊಂಡೆವು.

ಇಲ್ಲಿ ಎರಡನೆಯ ಸಾಲು 'ಹೋಗುತ್ತ' ಎಂದು ಕಾಯುತ್ತದೆ; ರಾಗವೂ ಅರ್ಧ ನಿಲುಗಡೆಯಲ್ಲಿ ಕಾಯುತ್ತದೆ. ಇದರ ಬದಲಾಗಿ 'ಹೊಲಕೆ ನಾವು ಹೋದೆವು' ಎಂದು ಹಾಡಿಸಿ ನೋಡಿರಿ. ಅಕ್ಷರಗಳು ಎಂಟೇ, ತಾಳಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಮಾತು ಮುಗಿದಿದೆ, ರಾಗವು ಮುಗಿಯಲಿಲ್ಲ. ಪೇಟಿಯಿಂದ ಇದನ್ನು ಸರಿಪಡಿಸಲಾಗದು. ಯಾಕಂದರೆ ರಿ ಸ್ವರವು ಮನೆಯ ಮೇಳದಲ್ಲಿ ಇಲ್ಲವೇ ಇಲ್ಲ. ಷಡ್ಜವನ್ನು ಬೇರೆ ಸ್ಥಾನಕ್ಕೆ ಒಯ್ಯದೆ ಅಲ್ಲಿ ಮನೆ ಸೇರಲು ದಾರಿಯಿಲ್ಲ. ಇಂಥ ಕಡೆಯಲ್ಲಿ ಮಾತನ್ನೇ ತಿದ್ದಬೇಕು, ಇಲ್ಲವೆ ಆ ಗೀತಕ್ಕೆ ಬೇರೆ ರಾಗವನ್ನು ಆರಿಸಬೇಕು.

ಮೂರನೆಯ ಸಾಲಿನ ಸ್ಥಿತಿಯು ಬೇರೆ. 'ಕಂಡೆವು' ಎಂಬ ಕ್ರಿಯಾಪದದಿಂದ ಒಂದು ಮಾತು ಮುಗಿದರೂ ಪದ್ಯವು ಮುಗಿಯಲಿಲ್ಲ. ಅಲ್ಲಿಯೂ ಪೂರ್ಣ ನಿಲುಗಡೆಯನ್ನು ಗಟ್ಟಿಯಾಗಿ ಬಾರಿಸಿದರೆ ಸಭೆಯು ಅಲ್ಲಿಯೇ ಮುಗಿಸಿ ಕೂತಂತಾಗಿ, ಕಡೆಯ ಸಾಲು ಬಾಲದಂತೆ ಜೋತುಬೀಳುತ್ತದೆ. 'ಜೋಳದ ತೆನೆ ಕಾಣುತ್ತ' ಎಂದು ಪದವಿದ್ದರಂತೂ ಅರ್ಥಕ್ಕೇ ಕೊಡಲಿಯೇಟು. ಇಲ್ಲಿ ಪೇಟಿಯು ಸಹಾಯ ಮಾಡಬಲ್ಲದು. ಸ ಎಂಬುದು ಮನೆಯ ಮೇಳದಲ್ಲಿಯೂ ಧೈವತದ ಮೇಳದಲ್ಲಿಯೂ ಇರುವುದರಿಂದ, ಹಾಡುವವರು ಒಂದು ಸ್ವರವನ್ನೂ ಬದಲಿಸದೆ ಸ ಎಂದೇ ನಿಲ್ಲಲಿ. ಬಾರಿಸುವವಳು ಅದರ ಕೆಳಗೆ ಧೈವತದ ಮೇಳವನ್ನು ಇಡಲಿ. ಕಿವಿಯು ಒಡನೆ ಮುಂದಿನ ಸಾಲನ್ನು ಬೇಡುತ್ತದೆ. ಕಡೆಯ ಪೂರ್ಣ ನಿಲುಗಡೆಗೂ ಅದರ ಗೌರವವು ಉಳಿಯುತ್ತದೆ.

ನಮ್ಮ ಕೈಪೇಟಿಯಲ್ಲಿ ಒಂದು ಕೈ ತಿದಿಯ ಮೇಲಿರುವುದರಿಂದ ಇದು ಹೇಗೆ ಸಾಧ್ಯವೆಂದು ಕೇಳುವಿರಿ. ಒಂದು ಬೆರಳಿನ ಕೆಲಸವಷ್ಟೇ. ನಿ ಸ್ವರಕ್ಕೆ ಬಲಗೈಯಿಂದ ರಿ ಪ ನಿ ಎಂದು ಹಿಡಿಯಿರಿ. ಪೂರ್ಣ ನಿಲುಗಡೆ ಬೇಕಾದರೆ ಮುಂದೆ ಗ ಪ ಸ ಎಂದು ಹಿಡಿಯಿರಿ. ಹುಸಿ ನಿಲುಗಡೆ ಬೇಕಾದರೆ ಗ ಧ ಸ ಎಂದು ಹಿಡಿಯಿರಿ. ನಡುವಿನ ಬೆರಳು ಪ ದಲ್ಲಿ ನಿಂತರೆ ಮನೆ, ಧ ಕ್ಕೆ ಸರಿದರೆ ಹುಸಿ. ಆದರೆ ಮೇಳದ ಬುನಾದಿಯು ಅತ್ಯಂತ ಕೆಳಗಿನ ಸ್ವರವಾದದರಿಂದ, ತಗ್ಗಿನ ಧ್ವನಿಯುಳ್ಳ ನಾಲ್ಕೈದು ಮಂದಿ ಪೂರ್ಣಕ್ಕೆ ಪ ದಿಂದ ಸ ಎಂದೂ, ಹುಸಿಗೆ ಪ ದಿಂದ ಧ ಎಂದೂ ಹಾಡತಕ್ಕದ್ದು. ಅವರಿಲ್ಲದೆ ಗ ಕೆಳಗಾಗಿ ನಿಂತ ಮೇಳವು ಮನೆಯದಾದರೂ ಪೂರ್ಣ ನಿಲುಗಡೆಯ ಭಾರವು ಅದಕ್ಕೆ ಬಾರದು.

ಇವೆಲ್ಲವನ್ನೂ ಕೆಡಿಸುವ ಅಭ್ಯಾಸವೊಂದುಂಟು. ಭಜನೆಯ ರೂಢಿಯಂತೆ ಸ ಮತ್ತು ಪ ಗಳನ್ನು ಒತ್ತಿ ಹಿಡಿದು, ಅವುಗಳ ಮೇಲೆ ಈ ರಾಗವನ್ನು ಬಾರಿಸುವುದೇ ಅದು. ಭಜನೆಗೆ ಅದು ಪ್ರಾಣವು. ಈ ರಾಗಕ್ಕಾದರೋ ವಿರಾಮಚಿಹ್ನೆಗಳನ್ನೆಲ್ಲಾ ಅಳಿಸಿದ ಪುಟದಂತೆ. ಕೆಳಗೆ ಸ ಯಾವಾಗಲೂ ನುಡಿಯುತ್ತಿದ್ದರೆ ಮನೆಯಿಂದ ಹೊರಟದ್ದೂ ಇಲ್ಲ, ತಿರುಗಿ ಬಂದದ್ದೂ ಇಲ್ಲ. ಎರಡನೆಯ ಸಾಲಿನ ಕಾಯುವಿಕೆಯು ಕೇಳಿಸುವುದೇ ಇಲ್ಲ.

ಆದದರಿಂದ ಹಾಡು ನಡಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿಷ್ಟೇ. ಹೊಸ ಗೀತವನ್ನು ಕಲಿಸುವ ಮುಂಚೆ ಪದಗಳನ್ನು ಗಟ್ಟಿಯಾಗಿ ಓದಿ, ಪ್ರತಿ ಸಾಲಿನ ಕಡೆಯಲ್ಲಿ ಮಾತು ಮುಗಿಯಿತೋ ಕಾಯುತ್ತಿದೆಯೋ ಎಂದು ಗುರುತು ಹಾಕಿರಿ. ಆಮೇಲೆ ಪದಗಳಿಲ್ಲದೆ ರಾಗವನ್ನು ಬಾರಿಸಿ, ಪ್ರತಿ ಸಾಲಿನಲ್ಲಿ ನಿಲ್ಲಿಸಿ, ಮುಗಿಯಿತೆಂದು ತೋರಿದವರು ಕೈಯೆತ್ತಲಿ ಎಂದು ಮಕ್ಕಳಿಗೆ ಹೇಳಿರಿ. ಎರಡು ಗುರುತುಗಳೂ ಕೂಡಿದರೆ ಹಾಡಿರಿ. ಕೂಡದಿದ್ದರೆ, ಸಾಲು ಸ ದಲ್ಲಿ ನಿಲ್ಲುವ ಕಡೆಯಲ್ಲಿ ಬೆರಳನ್ನು ಸರಿಸಿರಿ. ರಿ ಯಲ್ಲಿ ನಿಲ್ಲುವ ಕಡೆಯಲ್ಲಿ ಬರೆದವರನ್ನು ಕಂಡು ಪದವನ್ನು ತಿದ್ದಿಸಿರಿ. ರಾಗಗಳನ್ನು ಬಿಡಬೇಕೆನ್ನುವ ಪೋಷಕರು ಹೀಗೆ ನಡಿಸಿದ ಒಂದು ಗೀತವನ್ನು ಕೇಳಿದ ಮೇಲೆ ತಮ್ಮ ತೀರ್ಪನ್ನು ಹೇಳಲಿ.